ರಾಗಿ ಹಿಟ್ಟು ತಯಾರಿಕಾ ಕಿರು ಘಟಕ: ಬ್ಯಾಂಕ್ ಸಾಲದ ಅರ್ಜಿಯೊಂದಿಗೆ ಸಲ್ಲಿಸಬೇಕಾದ ಯೋಜನಾ ವರದಿಯ ರೂಪುರೇಷೆ

ಸಿರಿಧಾನ್ಯಗಳ ಹಿಟ್ಟು ತಯಾರಿಸುವ ಕಿರು ಘಟಕವನ್ನು ಸ್ಥಾಪಿಸಲು ಬ್ಯಾಂಕ್ ಸಾಲ ಕೋರುವ ಅರ್ಜಿದಾರರು ಅರ್ಜಿಯೊಂದಿಗೆ ಯೋಜನಾ ವರದಿಯನ್ನು ಸಲ್ಲಿಸಬೇಕಾಗುತ್ತದೆ. ಈ ವರದಿಯಲ್ಲಿ ಯಾವ ವಿವರಗಳಿರಬೇಕು, ಲೆಕ್ಕವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ತುಮಕೂರು ಜಿಲ್ಲೆಯ ಗ್ರಾಮವೊಂದರಲ್ಲಿ ಸ್ಥಾಪಿಸಬಹುದಾದ ರಾಗಿ ಹಿಟ್ಟಿನ ಘಟಕವನ್ನು ಉದಾಹರಣೆಯಾಗಿಟ್ಟುಕೊಂಡು ಕೆಳಗೆ ವಿವರಿಸಲಾಗಿದೆ. ಉದಾಹರಣೆಯಲ್ಲಿ ಬಳಸಿರುವ ದರಗಳು ಲೆಕ್ಕದ ವಿಧಾನವನ್ನು ತಿಳಿಸುವ ಸಲುವಾಗಿ ಊಹಿಸಿಕೊಂಡವುಗಳಾಗಿವೆ. ಅರ್ಜಿದಾರರು ಅವುಗಳ ಸ್ಥಾನದಲ್ಲಿ ತಾವು ಪಡೆದ ಕೊಟೇಷನ್‌ಗಳ ಹಾಗೂ ತಮ್ಮ ಸ್ಥಳೀಯ ಮಾರುಕಟ್ಟೆಯ ದರಗಳನ್ನು ನಮೂದಿಸತಕ್ಕದ್ದು.

ಸಾಮಾನ್ಯವಾಗಿ ವರದಿಗಳಲ್ಲಿ ಯಂತ್ರೋಪಕರಣಗಳ ವಿವರವು ಹಲವು ಪುಟಗಳಷ್ಟಿದ್ದು, ರಾಗಿ ಖರೀದಿಗೆ ಮತ್ತು ಅಂಗಡಿಗಳಿಗೆ ನೀಡುವ ಉದ್ರಿಗೆ ಬೇಕಾಗುವ ಹಣದ ವಿವರವು ಒಂದೆರಡು ಸಾಲುಗಳಲ್ಲಿ ಮುಗಿದಿರುತ್ತದೆ. ವಾಸ್ತವದಲ್ಲಿ ಹಿಟ್ಟಿನ ಘಟಕದಲ್ಲಿ ಯಂತ್ರಗಳಿಗಿಂತ ಹೆಚ್ಚಿನ ಹಣವು ಧಾನ್ಯದಲ್ಲಿ ಮತ್ತು ಉದ್ರಿಯಲ್ಲಿ ತೊಡಗಿರುತ್ತದೆ. ಆದುದರಿಂದ ದುಡಿಯುವ ಬಂಡವಾಳದ ಭಾಗವನ್ನು ಇಲ್ಲಿ ವಿಸ್ತಾರವಾಗಿ ನೀಡಲಾಗಿದೆ.

1. ಧಾನ್ಯದ ಆಯ್ಕೆ

ವರದಿಯ ಆರಂಭದಲ್ಲಿ ಯಾವ ಧಾನ್ಯದ ಹಿಟ್ಟು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. "ಎಲ್ಲಾ ಸಿರಿಧಾನ್ಯಗಳ ಹಿಟ್ಟು" ಎಂದು ಬರೆದ ವರದಿಯಲ್ಲಿ ಯಂತ್ರಗಳ ಪಟ್ಟಿಯಾಗಲಿ, ಇಳುವರಿಯಾಗಲಿ ಹೊಂದಾಣಿಕೆಯಾಗುವುದಿಲ್ಲ. ನವಣೆ, ಸಾಮೆ, ಹಾರಕ, ಬರಗು ಮುಂತಾದ ಕಿರುಧಾನ್ಯಗಳ ಕಾಳಿಗೆ ಗಟ್ಟಿಯಾದ ಸಿಪ್ಪೆ ಇರುವುದರಿಂದ ಬೀಸುವ ಮುನ್ನ ಸಿಪ್ಪೆ ತೆಗೆಯುವ ಪ್ರತ್ಯೇಕ ಯಂತ್ರ ಬೇಕಾಗುತ್ತದೆ. ಸಿಪ್ಪೆಯ ಜೊತೆ ತೂಕದ ಗಣನೀಯ ಭಾಗವೂ ಹೋಗುತ್ತದೆ. ಸಜ್ಜೆಗೆ ಸಿಪ್ಪೆಯ ತೊಂದರೆ ಇಲ್ಲವಾದರೂ ಅದರಲ್ಲಿ ಕೊಬ್ಬಿನ ಅಂಶ ಸುಮಾರು ಶೇ. 5ರಷ್ಟಿರುವುದರಿಂದ ಬೀಸಿದ ಕೆಲವೇ ವಾರಗಳಲ್ಲಿ ಹಿಟ್ಟು ಕಹಿಯಾಗಿ ಕಮಟು ವಾಸನೆ ಬರುತ್ತದೆ. ಅಂಗಡಿಯಿಂದ ಹಿಂದಿರುಗಿ ಬರುವ ಪೊಟ್ಟಣಗಳ ನಷ್ಟವನ್ನು ಹೊಸ ಘಟಕವು ತಾಳಿಕೊಳ್ಳುವುದು ಕಷ್ಟ.

ರಾಗಿಯಲ್ಲಿ ಕೊಬ್ಬಿನ ಅಂಶ ಶೇ. 1ರಿಂದ 2ರಷ್ಟು ಮಾತ್ರ. ಕಾಳನ್ನು ಹೊಟ್ಟು ಹಾಗೂ ಕಲ್ಲಿನಿಂದ ಬೇರ್ಪಡಿಸಿದರೆ ನೇರವಾಗಿ ಬೀಸಬಹುದು. ಹಿಟ್ಟು ಒಣಗಿದ ಸ್ಥಿತಿಯಲ್ಲಿ ಕೆಲವು ತಿಂಗಳುಗಳ ಕಾಲ ಕೆಡದೆ ಉಳಿಯುತ್ತದೆ. ಮೊದಲನೆಯ ವರ್ಷ ಒಂದೇ ಧಾನ್ಯಕ್ಕೆ ಸೀಮಿತವಾಗಿರುವ ವರದಿಯನ್ನು ಬ್ಯಾಂಕ್ ಅಧಿಕಾರಿಗಳು ಸುಲಭವಾಗಿ ಪರಿಶೀಲಿಸಬಲ್ಲರು; ಇತರ ಧಾನ್ಯಗಳನ್ನು ಎರಡನೆಯ ಹಂತದ ವಿಸ್ತರಣೆ ಎಂದು ತೋರಿಸಬಹುದು.

2. ಮಾರಾಟದ ಪ್ರಮಾಣ ಮತ್ತು ಉತ್ಪಾದನೆ

ಉತ್ಪಾದನೆಯನ್ನು ಯಂತ್ರದ ಸಾಮರ್ಥ್ಯದಿಂದ ಲೆಕ್ಕ ಹಾಕಬಾರದು, ಮಾರಾಟದಿಂದ ಲೆಕ್ಕ ಹಾಕಬೇಕು. ಉದಾಹರಣೆಯ ಘಟಕದಲ್ಲಿ 10 ಅಶ್ವಶಕ್ತಿಯ ಪಲ್ವರೈಸರ್ ಗಂಟೆಗೆ 100 ಕೆ.ಜಿ. ಹಿಟ್ಟು ಬೀಸುತ್ತದೆ. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಎಂದಾದರೆ 20,000 ಕೆ.ಜಿ. ಆಗುತ್ತದೆ. ಈ ಸಂಖ್ಯೆಯನ್ನೇ ಮಾರಾಟವೆಂದು ಬರೆದುಬಿಟ್ಟರೆ ಲಾಭವು ಬಹು ಆಕರ್ಷಕವಾಗಿ ಕಾಣುತ್ತದೆ, ಆದರೆ ಅಷ್ಟು ಹಿಟ್ಟನ್ನು ಯಾರು ಕೊಳ್ಳುತ್ತಾರೆ ಎಂಬ ಮೊದಲ ಪ್ರಶ್ನೆಗೇ ವರದಿ ಉತ್ತರಿಸಲಾರದು.

ಕಿರಾಣಿ ಅಂಗಡಿಗಳು, ಹೋಟೆಲುಗಳು, ಖಾಸಗಿ ವಿದ್ಯಾರ್ಥಿನಿಲಯಗಳು ಹೀಗೆ ಖರೀದಿಸಲು ಒಪ್ಪಿದವರ ಹೆಸರು, ತಿಂಗಳಿಗೆ ಬೇಕಾಗುವ ಪ್ರಮಾಣ, ಒಪ್ಪಿದ ದರ ಮತ್ತು ಹಣ ನೀಡುವ ಅವಧಿ ಇವುಗಳನ್ನು ಬರಹದಲ್ಲಿ ಪಡೆದು ಲಗತ್ತಿಸಬೇಕು. ಉದಾಹರಣೆಯಲ್ಲಿ ಅಂತಹ ಒಪ್ಪಿಗೆ ಪತ್ರಗಳ ಮೊತ್ತ ತಿಂಗಳಿಗೆ 8,000 ಕೆ.ಜಿ. ಎಂದು, ಅಂದರೆ ಸಾಮರ್ಥ್ಯದ ಶೇ. 40 ಎಂದು ಇಟ್ಟುಕೊಳ್ಳಲಾಗಿದೆ. ಒಂದು ಕೆ.ಜಿ. ಪೊಟ್ಟಣ ಹಾಗೂ 25 ಕೆ.ಜಿ. ಚೀಲ ಎರಡನ್ನೂ ಸೇರಿಸಿದ ಸರಾಸರಿ ಮಾರಾಟ ದರ ತೆರಿಗೆ ಹೊರತುಪಡಿಸಿ ಕೆ.ಜಿ.ಗೆ ರೂ. 62. ಅಕ್ಕಪಕ್ಕದ ರೈತರ ರಾಗಿಯನ್ನು ಕೂಲಿಗೆ ಬೀಸಿಕೊಡುವುದರಿಂದ ಬರುವ ಹಣವನ್ನು ಪ್ರತ್ಯೇಕವಾಗಿ ತೋರಿಸಬಹುದು. ಅದನ್ನು ಸಾಲ ತೀರಿಸುವ ಆದಾಯದಲ್ಲಿ ಸೇರಿಸದಿರುವುದೇ ಒಳ್ಳೆಯದು.

ಇಳುವರಿಯನ್ನು ಅಂದಾಜಿನ ಮೇಲೆ ಬರೆಯಬಾರದು. ತಾವು ಖರೀದಿಸಲಿರುವ ಕಡೆಯಿಂದಲೇ ಒಂದು ಕ್ವಿಂಟಾಲ್ ರಾಗಿಯನ್ನು ತಂದು, ಹತ್ತಿರದ ಗಿರಣಿಯಲ್ಲಿ ಸ್ವಚ್ಛಗೊಳಿಸಿ ಬೀಸಿಸಿ, ಪ್ರತಿ ಹಂತದಲ್ಲಿ ತೂಕ ಮಾಡಿ ಬರೆದಿಟ್ಟುಕೊಳ್ಳಬೇಕು. ಕಣದ ರಾಗಿಯಲ್ಲಿ ಮಣ್ಣು, ಕಲ್ಲು, ಹೊಟ್ಟು ಸೇರಿ ನಾಲ್ಕು ಕೆ.ಜಿ., ಬೀಸುವಾಗ ಧೂಳಾಗಿ ಹಾಗೂ ತೇವಾಂಶ ಆರಿ ಎರಡು ಕೆ.ಜಿ. ಹೋದರೆ 94 ಕೆ.ಜಿ. ಹಿಟ್ಟು ದೊರೆಯುತ್ತದೆ. ಈ ಲೆಕ್ಕದಂತೆ 8,000 ಕೆ.ಜಿ. ಹಿಟ್ಟಿಗೆ ಸುಮಾರು 8,500 ಕೆ.ಜಿ. ರಾಗಿ ಬೇಕು. ನೂರಕ್ಕೆ ನೂರು ಹಿಟ್ಟು ಬರುತ್ತದೆಂದು ತೋರಿಸಿದ ವರದಿಯು ತಿಂಗಳಿಗೆ 500 ಕೆ.ಜಿ. ರಾಗಿಯ ಬೆಲೆಯನ್ನು ಮರೆತಂತಾಗುತ್ತದೆ.

3. ಸ್ಥಿರ ಬಂಡವಾಳ

ಯಂತ್ರಗಳ ಕೊಟೇಷನ್‌ಗಳನ್ನು ಜಿ.ಎಸ್.ಟಿ., ಸಾಗಾಣಿಕೆ ಮತ್ತು ಜೋಡಣೆಯ ವೆಚ್ಚ ಸೇರಿದಂತೆ ಪಡೆಯಬೇಕು. ಉದಾಹರಣೆಯ ಘಟಕದ ಅಂದಾಜು ಈ ಕೆಳಕಂಡಂತಿದೆ:

ಜರಡಿ ಹಾಗೂ ಕಲ್ಲು ಬೇರ್ಪಡಿಸುವ ಯಂತ್ರ: ರೂ. 1,75,000
ಸೈಕ್ಲೋನ್ ಸಹಿತ ಪಲ್ವರೈಸರ್ ಮತ್ತು ಮೋಟಾರು: ರೂ. 1,40,000
ಹಿಟ್ಟು ಜರಡಿ ಯಂತ್ರ: ರೂ. 60,000
ತೂಕದ ಯಂತ್ರ, ಸೀಲಿಂಗ್ ಯಂತ್ರ, ತೇವಾಂಶ ಮಾಪಕ, ಮರದ ಅಟ್ಟಣೆಗಳು: ರೂ. 75,000
ವಿದ್ಯುತ್ ಸಂಪರ್ಕ ಮತ್ತು ಫಲಕ: ರೂ. 70,000
ಬಾಡಿಗೆ ಕಟ್ಟಡದ ನೆಲ, ಕಿಟಕಿ ಜಾಲರಿ ಇತ್ಯಾದಿ ಮಾರ್ಪಾಡು: ರೂ. 1,30,000
ಪರವಾನಗಿ, ಪ್ರಾಯೋಗಿಕ ಉತ್ಪಾದನೆ: ರೂ. 50,000
ಒಟ್ಟು: ರೂ. 7,00,000

ಪಟ್ಟಿಯಲ್ಲಿ ತೇವಾಂಶ ಮಾಪಕವನ್ನು ಬಿಡಬಾರದು. ಕಟಾವಿನ ನಂತರ ಸರಿಯಾಗಿ ಒಣಗಿಸದ ರಾಗಿಯನ್ನು ಖರೀದಿಸಿದರೆ ನೀರಿಗೂ ರಾಗಿಯ ಬೆಲೆ ಕೊಟ್ಟಂತಾಗುವುದಲ್ಲದೆ, ಹಿಟ್ಟು ಪೊಟ್ಟಣದಲ್ಲಿ ಗಂಟುಕಟ್ಟಿ ಬೂಷ್ಟು ಹಿಡಿಯುತ್ತದೆ. ತೇವಾಂಶ ಶೇ. 12ರೊಳಗಿರುವ ರಾಗಿಯನ್ನೇ ತೆಗೆದುಕೊಳ್ಳುವುದು ಉತ್ತಮ. ಪಲ್ವರೈಸರ್‌ನಿಂದ ಹೊರಬರುವ ಹಿಟ್ಟು ಬಿಸಿಯಾಗಿರುತ್ತದೆ. ಅದನ್ನು ಹರಡಿ ಆರಿಸದೆ ಪೊಟ್ಟಣ ಮಾಡಿದರೆ ಒಳಗೆ ಹನಿಗಟ್ಟಿ ಅದೇ ತೊಂದರೆ ಉಂಟಾಗುತ್ತದೆ. ಆದುದರಿಂದ ಕಟ್ಟಡದ ನಕ್ಷೆಯಲ್ಲಿ ಹಿಟ್ಟು ಆರಿಸುವ ಜಾಗವನ್ನು ರಾಗಿ ಸುರಿಯುವ ಜಾಗದಿಂದ ಬೇರೆಯಾಗಿ ತೋರಿಸಬೇಕು.

ಗ್ರಾಮಾಂತರ ಪ್ರದೇಶದಲ್ಲಿ ಮೂರು ಫೇಸ್ ವಿದ್ಯುತ್ ದಿನಕ್ಕೆ ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ದೊರೆಯುತ್ತದೆ ಎಂಬುದನ್ನು ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಯಲ್ಲಿ ವಿಚಾರಿಸಿ ವರದಿಯಲ್ಲಿ ಬರೆಯಬೇಕು. ಪಂಪ್‌ಸೆಟ್‌ಗಳ ಮಾರ್ಗಕ್ಕೆ ಸೇರಿದ ಕಟ್ಟಡದಲ್ಲಿ ಹಗಲು 8 ಗಂಟೆ ಯಂತ್ರ ನಡೆಯುತ್ತದೆಂಬ ಲೆಕ್ಕ ನಿಲ್ಲುವುದಿಲ್ಲ.

4. ದುಡಿಯುವ ಬಂಡವಾಳ

ರಾಗಿ ಕೊಳ್ಳಲು ಹಣ ಕೊಟ್ಟ ದಿನದಿಂದ ಹಿಟ್ಟಿನ ಹಣ ಕೈಸೇರುವ ದಿನದವರೆಗೆ ಘಟಕವನ್ನು ನಡೆಸಲು ಬೇಕಾಗುವ ಮೊತ್ತವೇ ದುಡಿಯುವ ಬಂಡವಾಳ. ರೈತರು ರಾಗಿಯನ್ನು ಉದ್ರಿ ಕೊಡುವುದು ಅಪರೂಪ. ಅಂಗಡಿಯವರು ಹಿಟ್ಟಿಗೆ ಸ್ಥಳದಲ್ಲೇ ಹಣ ಕೊಡುವುದೂ ಅಪರೂಪ. ಈ ಎರಡರ ನಡುವಿನ ಅಂತರವನ್ನು ಘಟಕದ ಹಣವೇ ತುಂಬಬೇಕು.

ಉದಾಹರಣೆಯಲ್ಲಿ ರಾಗಿಯು ಘಟಕದ ಬಾಗಿಲಿಗೆ ಕೆ.ಜಿ.ಗೆ ರೂ. 45ರಂತೆ ಬರುತ್ತದೆಂದು ಇಟ್ಟುಕೊಂಡರೆ ತಿಂಗಳ ರಾಗಿಗೆ ರೂ. 3,82,500 ಆಗುತ್ತದೆ. ಪೊಟ್ಟಣಕ್ಕೆ ಸರಾಸರಿ ರೂ. 2, ವಿದ್ಯುತ್ತಿಗೆ ರೂ. 1, ಹಿಟ್ಟಿನ ಸಾಗಾಣಿಕೆಗೆ ರೂ. 1ರಂತೆ 8,000 ಕೆ.ಜಿ.ಗೆ ರೂ. 32,000. ಒಟ್ಟು ಉತ್ಪಾದನಾ ವೆಚ್ಚ ರೂ. 4,14,500. ಇದಲ್ಲದೆ ಇಬ್ಬರ ಕೂಲಿ ರೂ. 30,000, ಬಾಡಿಗೆ ರೂ. 8,000, ದುರಸ್ತಿ, ವಿಮೆ, ದೂರವಾಣಿ ಇತ್ಯಾದಿ ರೂ. 7,000 ಸೇರಿ ತಿಂಗಳ ಸ್ಥಿರ ವೆಚ್ಚ ರೂ. 45,000.

ಯಾವುದೇ ದಿನದಲ್ಲಿ ಹಣ ಎಲ್ಲೆಲ್ಲಿ ನಿಂತಿರುತ್ತದೆ ಎಂಬುದನ್ನು ಈಗ ನೋಡಬಹುದು. ಒಂದು ತಿಂಗಳ ರಾಗಿ ದಾಸ್ತಾನಿನಲ್ಲಿ ರೂ. 3,82,500. ಒಂದು ವಾರದ ಸಿದ್ಧ ಹಿಟ್ಟಿನಲ್ಲಿ ಸುಮಾರು ರೂ. 1,03,600. ಮಾರಾಟದ ಅರ್ಧಭಾಗವನ್ನು ಅಂಗಡಿಗಳಿಗೆ 30 ದಿನಗಳ ಉದ್ರಿಯಲ್ಲಿ ಕೊಟ್ಟರೆ ಅಸಲು ವೆಚ್ಚದ ಲೆಕ್ಕದಲ್ಲಿ ಸುಮಾರು ರೂ. 2,29,750. ಮುದ್ರಿತ ಪೊಟ್ಟಣಗಳನ್ನು ಮುದ್ರಕರು ಸಣ್ಣ ಪ್ರಮಾಣದಲ್ಲಿ ಮಾಡಿಕೊಡುವುದಿಲ್ಲವಾದ್ದರಿಂದ ಅದರ ದಾಸ್ತಾನು ರೂ. 40,000. ಒಂದು ತಿಂಗಳ ಸ್ಥಿರ ವೆಚ್ಚ ರೂ. 45,000. ಇವೆಲ್ಲ ಸೇರಿ ರೂ. 8,00,850, ಅಂದರೆ ಸುಮಾರು 8 ಲಕ್ಷ. ಸ್ಥಿರ ಬಂಡವಾಳವಾದ 7 ಲಕ್ಷಕ್ಕಿಂತ ಇದು ಹೆಚ್ಚು.

ಈ ಮೊತ್ತವನ್ನು ಕೇಳದೆ ಯಂತ್ರಗಳಿಗೆ ಮಾತ್ರ ಸಾಲ ಪಡೆದರೆ ಆಗುವುದೇನು? ಅರ್ಜಿದಾರರ ಬಳಿ ಸ್ವಂತ ಹಣ ರೂ. 3,40,000 ಇದೆಯೆಂದೂ, ಅದರಲ್ಲಿ ರೂ. 1,40,000 ಯಂತ್ರಗಳ ಪಾಲಿಗೆ ಹೋಯಿತೆಂದೂ ಭಾವಿಸೋಣ. ಉಳಿದ 2 ಲಕ್ಷ ರೂಪಾಯಿಗೆ ಬರುವ ರಾಗಿ 4,444 ಕೆ.ಜಿ.; ದಿನಕ್ಕೆ 340 ಕೆ.ಜಿ.ಯಂತೆ ಅದು ಹದಿಮೂರು ದಿನಗಳ ಕೆಲಸ. ಅದರಲ್ಲಿ ಅರ್ಧ ಹಿಟ್ಟು ಉದ್ರಿಗೆ ಹೋದರೆ ಎರಡನೆಯ ಬಾರಿ ರಾಗಿ ಕೊಳ್ಳಲು ಅರ್ಧದಷ್ಟು ಹಣವೂ ಕಷ್ಟದಿಂದ ಉಳಿಯುತ್ತದೆ. ಯಂತ್ರ ಸುಸ್ಥಿತಿಯಲ್ಲಿದ್ದು, ಬೇಡಿಕೆಯೂ ಇದ್ದು, ಘಟಕ ಮಾತ್ರ ನಿಂತಿರುವ ಸ್ಥಿತಿ ಉಂಟಾಗುವುದು ಹೀಗೆ. ಆ ವೇಳೆಗೆ ಕಂತು ಆರಂಭವಾಗಿರುತ್ತದೆ, ಮತ್ತು ಹೊಸದಾಗಿ ದುಡಿಯುವ ಬಂಡವಾಳ ಕೇಳಲು ಹೋದರೆ ಕಂತು ಬಾಕಿಯೇ ಅಡ್ಡಬರುತ್ತದೆ.

ಆದುದರಿಂದ ಯಂತ್ರಗಳಿಗೆ ಅವಧಿ ಸಾಲವನ್ನೂ, ದುಡಿಯುವ ಬಂಡವಾಳಕ್ಕೆ ಕ್ಯಾಷ್ ಕ್ರೆಡಿಟ್ ಮಿತಿಯನ್ನೂ ಒಂದೇ ಅರ್ಜಿಯಲ್ಲಿ ಕೋರಬೇಕು. ಸಣ್ಣ ಘಟಕಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ವಾರ್ಷಿಕ ವಹಿವಾಟಿನ ಶೇ. 25ರಷ್ಟನ್ನು ದುಡಿಯುವ ಬಂಡವಾಳದ ಅಗತ್ಯವೆಂದು ಪರಿಗಣಿಸಿ, ಅದರಲ್ಲಿ ವಹಿವಾಟಿನ ಶೇ. 20ರಷ್ಟನ್ನು ಬ್ಯಾಂಕ್, ಶೇ. 5ರಷ್ಟನ್ನು ಅರ್ಜಿದಾರರು ಭರಿಸುವಂತೆ ಲೆಕ್ಕ ಹಾಕುತ್ತವೆ. ಉದಾಹರಣೆಯ ವಾರ್ಷಿಕ ವಹಿವಾಟು ರೂ. 59,52,000 ಆಗಿರುವುದರಿಂದ ಬ್ಯಾಂಕಿನ ಪಾಲು ರೂ. 11,90,000ದ ವರೆಗೆ ಬರಬಹುದು. ಆದರೂ ಅಗತ್ಯವಿರುವುದು 8 ಲಕ್ಷ ಮಾತ್ರ. ಅದರಲ್ಲಿ 2 ಲಕ್ಷ ಸ್ವಂತ ಹಣ ಹಾಗೂ 6 ಲಕ್ಷ ಬ್ಯಾಂಕಿನ ಮಿತಿ ಎಂದು ಕೋರುವುದು ಸೂಕ್ತ.

ಮಿತಿ ಮಂಜೂರಾದ ಮಾತ್ರಕ್ಕೆ ಪೂರ್ತಿ ಹಣ ಸದಾ ದೊರೆಯುವುದಿಲ್ಲ. ಪ್ರತಿ ತಿಂಗಳೂ ದಾಸ್ತಾನು ಮತ್ತು ಬರಬೇಕಾದ ಬಾಕಿಯ ತಃಖ್ತೆಯನ್ನು ಸಲ್ಲಿಸಬೇಕು. ಅದರಲ್ಲಿ ಅರ್ಜಿದಾರರ ಪಾಲನ್ನು ಕಳೆದು ಉಳಿದಷ್ಟನ್ನು ಮಾತ್ರ ಪಡೆಯಲು ಅವಕಾಶವಿರುತ್ತದೆ. ಬಹುಕಾಲದಿಂದ ಬಾರದ ಉದ್ರಿಯನ್ನು, ಸಾಮಾನ್ಯವಾಗಿ 90 ದಿನ ಮೀರಿದುದನ್ನು, ಬ್ಯಾಂಕ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

5. ಆದಾಯ ಮತ್ತು ಮರುಪಾವತಿ

ಸ್ಥಿರ ಬಂಡವಾಳ 7 ಲಕ್ಷದಲ್ಲಿ ಸ್ವಂತ ಪಾಲು ರೂ. 1,40,000 ಹೋಗಿ ಅವಧಿ ಸಾಲ ರೂ. 5,60,000. ಐದು ವರ್ಷದ ಅವಧಿಯಲ್ಲಿ ಮೊದಲ ನಾಲ್ಕು ತಿಂಗಳು ಬಡ್ಡಿ ಮಾತ್ರ, ನಂತರ 56 ತಿಂಗಳು ತಲಾ ರೂ. 10,000 ಅಸಲು ಎಂದು ಕೋರಬಹುದು. ಬಡ್ಡಿ ದರ ಶೇ. 11 ಎಂದಾದರೆ ಆರಂಭದಲ್ಲಿ ಅವಧಿ ಸಾಲದ ತಿಂಗಳ ಬಡ್ಡಿ ರೂ. 5,133, ಕ್ಯಾಷ್ ಕ್ರೆಡಿಟ್ ಪೂರ್ತಿ ಬಳಸಿದರೆ ಅದರ ಬಡ್ಡಿ ರೂ. 5,500.

ತಿಂಗಳ ಮಾರಾಟ ರೂ. 4,96,000. ಇದರಲ್ಲಿ ಉತ್ಪಾದನಾ ವೆಚ್ಚ ಕಳೆದರೆ ರೂ. 81,500, ಸ್ಥಿರ ವೆಚ್ಚ ಕಳೆದರೆ ರೂ. 36,500, ಕ್ಯಾಷ್ ಕ್ರೆಡಿಟ್ ಬಡ್ಡಿ ಕಳೆದರೆ ರೂ. 31,000 ಉಳಿಯುತ್ತದೆ. ಈ ಮೊತ್ತವನ್ನು ಅಸಲು ಮತ್ತು ಬಡ್ಡಿಯಾದ ರೂ. 15,133ರಿಂದ ಭಾಗಿಸಿದರೆ ಸುಮಾರು 2.05 ಬರುತ್ತದೆ. ಇದನ್ನು ಬ್ಯಾಂಕಿನವರು ಡಿ.ಎಸ್.ಸಿ.ಆರ್. ಎನ್ನುತ್ತಾರೆ, 1.5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆಕ್ಷೇಪಣೆ ಬರುತ್ತದೆ. ಇಲ್ಲಿ ಕೈಗೆ ಬರುವ ಹಣವನ್ನು ಮಾತ್ರ ನೋಡಿರುವುದರಿಂದ ಸವಕಳಿಯನ್ನು ಸೇರಿಸಿಲ್ಲ. ಲಾಭ ನಷ್ಟದ ತಃಖ್ತೆಯಲ್ಲಿ ಅದನ್ನು ತೋರಿಸತಕ್ಕದ್ದು.

ಮೇಲಿನ ಲೆಕ್ಕದಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅರ್ಜಿದಾರರ ಕುಟುಂಬದ ಖರ್ಚು ಎಲ್ಲಿಂದ ಬರುತ್ತದೆ? ಇಬ್ಬರು ಕೂಲಿಯಾಳುಗಳನ್ನಿಟ್ಟು, ಅದರ ಮೇಲೆ ಮನೆಖರ್ಚಿಗೆ ರೂ. 15,000 ತೆಗೆದರೆ ಉಳಿಯುವುದು ರೂ. 16,000, ಅನುಪಾತ 1.06. ಕಂತು ಕಟ್ಟಿದ ಮೇಲೆ ಒಂದು ಸಾವಿರವೂ ಉಳಿಯುವುದಿಲ್ಲ. ಇಬ್ಬರಲ್ಲಿ ಒಬ್ಬರ ಕೆಲಸವನ್ನು ಅರ್ಜಿದಾರರು ಅಥವಾ ಮನೆಯವರು ಸ್ವತಃ ಮಾಡಿ ಆ ಕೂಲಿಯನ್ನೇ ಪಡೆಯುವುದಾದರೆ ಮಾತ್ರ 2.05 ನಿಜವಾಗುತ್ತದೆ. ಇದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಸಮತೋಲನ ಬಿಂದುವನ್ನೂ ಕೆ.ಜಿ. ಲೆಕ್ಕದಲ್ಲಿ ತೋರಿಸಬೇಕು. ಕೆ.ಜಿ.ಗೆ ಉಳಿಯುವ ರೂ. 10.19ರಿಂದ ಸ್ಥಿರ ವೆಚ್ಚ, ಎರಡೂ ಬಡ್ಡಿ ಮತ್ತು ಅಸಲು ಸೇರಿದ ರೂ. 65,633ನ್ನು ಭಾಗಿಸಿದರೆ ಸುಮಾರು 6,440 ಕೆ.ಜಿ. ಬರುತ್ತದೆ. ಯಾವ ತಿಂಗಳ ಮಾರಾಟ ಇದಕ್ಕಿಂತ ಕಡಿಮೆಯಾಗುವುದೋ ಆ ತಿಂಗಳ ಕಂತನ್ನು ಕೈಯಿಂದ ಕಟ್ಟಬೇಕಾಗುತ್ತದೆ.

6. ರಾಗಿಯ ಬೆಲೆ ಏರಿದಾಗ

ವರದಿಯನ್ನು ಮುಗಿಸುವ ಮುನ್ನ ರಾಗಿಯ ಬೆಲೆಯನ್ನು ಬದಲಿಸಿ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕು. 2025-26ನೇ ಸಾಲಿಗೆ ಕೇಂದ್ರ ಸರ್ಕಾರವು ರಾಗಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ ರೂ. 4,886. ಸುಗ್ಗಿಯಲ್ಲಿ ಮುಕ್ತ ಮಾರುಕಟ್ಟೆಯ ದರ ಇದಕ್ಕಿಂತ ಕೆಳಗಿರುವುದುಂಟು. ಆದರೆ ಖರೀದಿ ಕೇಂದ್ರಗಳು ತೆರೆದಾಗ ಉತ್ತಮ ರಾಗಿ ಅತ್ತ ಹೋಗುವುದರಿಂದ ಘಟಕವೂ ಅದೇ ದರವನ್ನು ಕೊಡಬೇಕಾಗಿ ಬರಬಹುದು. ಉದಾಹರಣೆಯ ರೂ. 45ರ ಬದಲು ರೂ. 48.86 ಕೊಟ್ಟರೆ ತಿಂಗಳಿಗೆ ರೂ. 32,810 ಹೆಚ್ಚು ಹೋಗುತ್ತದೆ. ರೂ. 36,500 ಇದ್ದ ಉಳಿಕೆ ರೂ. 3,690ಕ್ಕೆ ಇಳಿಯುತ್ತದೆ, ಕ್ಯಾಷ್ ಕ್ರೆಡಿಟ್‌ನ ಬಡ್ಡಿಗೇ ಅದು ಸಾಲದು.

ಕೆ.ಜಿ.ಗೆ ನಾಲ್ಕು ರೂಪಾಯಿಯೂ ಇಲ್ಲದ ಏರಿಕೆ ಘಟಕವನ್ನು ಈ ಸ್ಥಿತಿಗೆ ತರುತ್ತದೆ ಎಂಬುದನ್ನು ಅರ್ಜಿದಾರರು ಬ್ಯಾಂಕಿಗಿಂತ ಮೊದಲು ತಿಳಿದಿರಬೇಕು. ಹಿಟ್ಟಿನ ದರವನ್ನು ರೂ. 66ಕ್ಕೆ ಏರಿಸಿದರೆ ರೂ. 32,000 ಹಿಂದಕ್ಕೆ ಬಂದು ಲೆಕ್ಕ ಬಹುತೇಕ ಸರಿಹೋಗುತ್ತದೆ. ಆದುದರಿಂದ ಅಂಗಡಿಗಳ ಒಪ್ಪಿಗೆ ಪತ್ರದಲ್ಲಿ ರಾಗಿಯ ದರ ಏರಿದಲ್ಲಿ ಹಿಟ್ಟಿನ ದರವನ್ನೂ ಪರಿಷ್ಕರಿಸುವ ಷರತ್ತನ್ನು ಸೇರಿಸಿಕೊಳ್ಳಬೇಕು. ವರ್ಷವಿಡೀ ಒಂದೇ ದರದಲ್ಲಿ ಪೂರೈಸುವ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ಮಾಡಿ ನೋಡತಕ್ಕದ್ದು.

ಮುಂಗಾರು ರಾಗಿಯ ಕಟಾವು ಹೆಚ್ಚಾಗಿ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಆಗುತ್ತದೆ. ಆಗಲೇ ಮೂರು ತಿಂಗಳ ರಾಗಿ ಕೊಂಡಿಡುವುದಾದರೆ ರೂ. 11,47,500 ಬೇಕು; 6 ಲಕ್ಷದ ಮಿತಿಯಲ್ಲಿ ಇದು ಸಾಧ್ಯವಿಲ್ಲ. ಉಗ್ರಾಣದಲ್ಲಿ ದಾಸ್ತಾನಿಟ್ಟು ಅದರ ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ಉದ್ದೇಶವಿದ್ದರೆ ಅದನ್ನು ವರದಿಯಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು.

7. ಸಹಾಯಧನ

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯಡಿ ಅರ್ಹ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಸಹಾಯಧನವನ್ನು ನಿಗದಿಪಡಿಸಲಾಯಿತು, ಕರ್ನಾಟಕ ಸರ್ಕಾರವು ಇದಕ್ಕೆ ಶೇ. 15ರಷ್ಟನ್ನು ಹೆಚ್ಚುವರಿಯಾಗಿ ಸೇರಿಸಿತು. ಅರ್ಜಿ ಸಲ್ಲಿಸುವ ದಿನದಂದು ಯೋಜನೆ ಜಾರಿಯಲ್ಲಿರುವುದೇ, ಯಾವ ಷರತ್ತುಗಳಿವೆ ಎಂಬುದನ್ನು ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಈ ಸಹಾಯಧನವು ಸಾಲಕ್ಕೆ ಹೊಂದಿಕೊಂಡಿದ್ದು ಅರ್ಜಿದಾರರ ಕೈಗೆ ನಗದಾಗಿ ಬರುವುದಿಲ್ಲ. ಯೋಜನೆಯ ನಿಯಮದಂತೆ ಅದು ಬ್ಯಾಂಕಿನಲ್ಲಿಯೇ ಇದ್ದು, ಮೂರು ವರ್ಷಗಳ ನಂತರ ಸಾಲದ ಖಾತೆ ಸುಸ್ಥಿತಿಯಲ್ಲಿದ್ದರೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಸಹಾಯಧನವನ್ನು ರಾಗಿ ಖರೀದಿಯ ಹಣವೆಂದಾಗಲಿ, ಸ್ವಂತ ಪಾಲೆಂದಾಗಲಿ ತೋರಿಸಬಾರದು. ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸದಿರುವುದು ಇದೇ ಕಾರಣಕ್ಕೆ.

8. ಲಗತ್ತಿಸಬೇಕಾದ ದಾಖಲೆಗಳು

ಉದ್ಯಮ್ ನೋಂದಣಿ ಪ್ರಮಾಣಪತ್ರ. ವಹಿವಾಟಿಗೆ ಅನುಗುಣವಾದ ಎಫ್.ಎಸ್.ಎಸ್.ಎ.ಐ. ನೋಂದಣಿ ಅಥವಾ ಪರವಾನಗಿ, ಸ್ಥಳೀಯ ಸಂಸ್ಥೆಯ ಪರವಾನಗಿ, ಕಟ್ಟಡದ ಹಕ್ಕುಪತ್ರ ಅಥವಾ ಸಾಲದ ಅವಧಿಗೆ ಕಡಿಮೆಯಿಲ್ಲದ ಬಾಡಿಗೆ ಕರಾರು, ಯಂತ್ರಗಳ ಕೊಟೇಷನ್, ಖರೀದಿದಾರರ ಒಪ್ಪಿಗೆ ಪತ್ರಗಳು, ಒಂದು ಕ್ವಿಂಟಾಲ್ ಬೀಸಿಸಿದ ಇಳುವರಿ ಪರೀಕ್ಷೆಯ ಟಿಪ್ಪಣಿ, ಹಿಂದಿನ ಬ್ಯಾಂಕ್ ಖಾತೆಯ ವಿವರ. ಪೊಟ್ಟಣ ಕಟ್ಟಿ ಮಾರುವವರು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಣಿ ಮಾಡಿಸತಕ್ಕದ್ದು.

ಹೆಸರು ಮುದ್ರಿಸಿ 25 ಕೆ.ಜಿ. ವರೆಗಿನ ಪೊಟ್ಟಣಗಳಲ್ಲಿ ಮಾರುವ ಹಿಟ್ಟಿಗೆ 2022ರ ಜುಲೈ 18ರಿಂದ ಶೇ. 5ರ ಜಿ.ಎಸ್.ಟಿ. ಅನ್ವಯಿಸಿದೆ. ಉದಾಹರಣೆಯ ರೂ. 62ರ ಹಿಟ್ಟು ಅಂಗಡಿಯವರಿಗೆ ರೂ. 65.10ಕ್ಕೆ ಬೀಳುತ್ತದೆ, ದರದ ಮಾತುಕತೆಯಲ್ಲಿ ತೆರಿಗೆ ಸೇರಿದೆಯೇ ಇಲ್ಲವೇ ಎಂಬುದನ್ನು ಒಪ್ಪಿಗೆ ಪತ್ರದಲ್ಲಿಯೇ ಬರೆಸಿಕೊಳ್ಳಬೇಕು.